ರಾತ್ರಿ ಹೋದ ಕರೆಂಟು, ತಪ್ಪಿದ ಬ್ಯಾಕಪ್ಪು

ಏಪ್ರಿಲ್ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಕರ್ನಾಟಕದ ಊರುಗಳಲ್ಲಿ ಕರೆಂಟು ಹೋಗುವುದಕ್ಕೂ ಒಂದು ಹೊತ್ತಿದೆ. ಹಗಲೆಲ್ಲ ಬಿಸಿಲು ಕಾದು, ಸಂಜೆ ಗಾಳಿ ಎದ್ದು, ನಾಲ್ಕು ಹನಿ ಉದುರುವ ಮುನ್ನವೇ ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದಿರುತ್ತದೆ. ಫೀಡರ್ ಟ್ರಿಪ್ ಆಗುತ್ತದೆ. ಲೈನ್‌ಮನ್ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದು ತೊಂದರೆ ಎಲ್ಲಿದೆಯೆಂದು ಪತ್ತೆ ಹಚ್ಚುವಷ್ಟರಲ್ಲಿ ರಾತ್ರಿ ಹತ್ತೋ ಹನ್ನೊಂದೋ ಆಗಿರುತ್ತದೆ. ಮನೆಯಲ್ಲಿದ್ದವರು ಸೆಕೆ, ಸೊಳ್ಳೆ ಎಂದು ಗೊಣಗಿಕೊಂಡು ಮಲಗುತ್ತಾರೆ. ಬೀಗ ಹಾಕಿದ ಕಚೇರಿಯೊಳಗೆ ರಾತ್ರಿಪಾಳಿ ಮಾಡಬೇಕಿದ್ದ ಸರ್ವರ್ ಏನಾಯಿತು ಎಂಬುದು ಮಾತ್ರ ಬೆಳಗಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ. ಎಷ್ಟೋ ಕಚೇರಿಗಳಲ್ಲಿ ಬೆಳಗಾದ ಮೇಲೂ ತಿಳಿಯುವುದಿಲ್ಲ; ಹಳೆಯ ಕಡತವೊಂದು ಬೇಕಾಗಿ ಬ್ಯಾಕಪ್ ತೆರೆದಾಗಲೇ ನಡುವೆ ಹನ್ನೊಂದು ದಿನದ್ದು ಇಲ್ಲವೇ ಇಲ್ಲ ಎನ್ನುವುದು ಕಣ್ಣಿಗೆ ಬೀಳುತ್ತದೆ.

ಮಾದರಿಗೆ ತಾಲೂಕು ಕೇಂದ್ರದ ಒಂದು ತೆರಿಗೆ ಸಲಹೆಗಾರರ ಕಚೇರಿಯನ್ನು ತೆಗೆದುಕೊಳ್ಳೋಣ. ಎಂಟು ಜನ ಸಿಬ್ಬಂದಿ, ಮೂಲೆಯಲ್ಲೊಂದು ಸರ್ವರ್. ರಾತ್ರಿ 11.30ಕ್ಕೆ ದಿನದ ಲೆಕ್ಕವೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಾಗಬೇಕು. ಒಂದು ಗಂಟೆಗೆ ಅದರ ಪ್ರತಿ ಇಂಟರ್ನೆಟ್ಟಿನ ಮೂಲಕ ಬೇರೆಡೆಗೆ ಹೋಗಬೇಕು. ಬೆಳಿಗ್ಗೆ ಆರಕ್ಕೆ ಆ ದಿನ ಯಾವ ಕಕ್ಷಿದಾರರ ರಿಟರ್ನ್ಸ್ ಸಲ್ಲಿಸಬೇಕು ಎಂಬ ಪಟ್ಟಿ ಎಲ್ಲರ ಮೇಲ್‌ಗೆ ಬರಬೇಕು. ಕರೆಂಟಿನ ಕಾಟಕ್ಕೆಂದು 600 ವಿಎ ಯುಪಿಎಸ್ ಒಂದನ್ನು ತಂದಿದ್ದಾರೆ. ಆದರೂ ವಾರಕ್ಕೊಂದೆರಡು ರಾತ್ರಿಯ ಕೆಲಸ ತಪ್ಪುತ್ತದೆ. ಇಂಥ ಕಡೆ ಮೊದಲು ಹೊಳೆಯುವ ಪರಿಹಾರವೆಂದರೆ ಇನ್ನೂ ದೊಡ್ಡ ಯುಪಿಎಸ್ ತರುವುದು. ಆದರೆ ಹಣ ಬಿಚ್ಚುವ ಮುನ್ನ ಸರ್ವರ್‌ನ ದಾಖಲೆಯನ್ನೊಮ್ಮೆ ಓದುವುದು ಒಳ್ಳೆಯದು.

ಕರೆಂಟು ಹೋದದ್ದನ್ನೆಲ್ಲ ಸರ್ವರ್ ತನ್ನ ರೀತಿಯಲ್ಲಿ ಬರೆದಿಟ್ಟಿರುತ್ತದೆ. ವಿಂಡೋಸ್ ಆದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 41 ಮತ್ತು 6008 ಸಂಖ್ಯೆಯ ನಮೂದುಗಳನ್ನು ಹುಡುಕಬೇಕು. ಇವೆರಡೂ ಹೇಳುವುದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಆರಿಹೋಯಿತು ಎಂದು. ಲಿನಕ್ಸ್ ಆದರೆ `last -x` ಎಂದು ಟೈಪ್ ಮಾಡಿದರೆ ಯಾವಾಗ ಆರಿತು, ಯಾವಾಗ ಎದ್ದಿತು ಎಂಬ ಪಟ್ಟಿ ಬರುತ್ತದೆ. ಎರಡು ತಿಂಗಳ ಪಟ್ಟಿಯನ್ನು ಒಂದು ಹಾಳೆಗೆ ಇಳಿಸಿ, ಪಕ್ಕದಲ್ಲಿ ತಪ್ಪಿದ ಬ್ಯಾಕಪ್ಪುಗಳ ತಾರೀಖು ಬರೆದರೆ ತಪ್ಪಿದ ರಾತ್ರಿಗಳು ಮೂರು ಬಗೆಯವು ಎಂದು ಕಾಣುತ್ತದೆ. ಕೆಲಸ ನಡೆಯುತ್ತಿರುವಾಗಲೇ ಸರ್ವರ್ ದಿಢೀರನೆ ಆರಿದ ರಾತ್ರಿಗಳು ಒಂದು ಬಗೆ. ಸರಿಯಾಗಿಯೇ ಆರಿ, ಕರೆಂಟು ಬಂದ ಮೇಲೂ ಏಳದೆ ಬೆಳಿಗ್ಗೆ ಯಾರೋ ಬಂದು ಬಟನ್ ಒತ್ತುವವರೆಗೆ ಸುಮ್ಮನಿದ್ದ ರಾತ್ರಿಗಳು ಎರಡನೆಯವು. ಎದ್ದರೂ, ಕೆಲಸದ ಹೊತ್ತು ಮೀರಿತೆಂದು ಆ ದಿನದ ಬ್ಯಾಕಪ್ಪನ್ನು ಬಿಟ್ಟೇಬಿಟ್ಟ ರಾತ್ರಿಗಳು ಮೂರನೆಯವು. ದೊಡ್ಡ ಬ್ಯಾಟರಿಯಿಂದ ತಪ್ಪುವುದು ಮೊದಲನೆಯದು ಮಾತ್ರ. ಉಳಿದೆರಡಕ್ಕೆ ಬೇಕಾದದ್ದು ಸೆಟ್ಟಿಂಗ್, ಅದಕ್ಕೆ ಖರ್ಚಿಲ್ಲ.

ಮೊದಲು ಬ್ಯಾಟರಿಯ ಲೆಕ್ಕ. ಡಬ್ಬಿಯ ಮೇಲಿನ 600 ವಿಎ ಎಂಬುದು ಯುಪಿಎಸ್ ಎಷ್ಟು ಹೊರೆ ಹೊರುತ್ತದೆ ಎನ್ನುವುದನ್ನು ಹೇಳುತ್ತದೆಯೇ ಹೊರತು ಎಷ್ಟು ಹೊತ್ತು ಹೊರುತ್ತದೆ ಎನ್ನುವುದನ್ನಲ್ಲ. ಆ ಹೊರೆಯೂ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸಿನದು. ಹೊತ್ತು ಗೊತ್ತಾಗಬೇಕಾದರೆ ಒಳಗಿನ ಬ್ಯಾಟರಿ ನೋಡಬೇಕು. ಈ ಗಾತ್ರದ ಯುಪಿಎಸ್‌ಗಳಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟಿನ, 7 ಆಂಪಿಯರ್-ಅವರ್‌ನ ಒಂದೇ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಆದರೆ ಈ 7 ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗಿನ ಅಳತೆ. ಹದಿನೈದು ನಿಮಿಷದಲ್ಲಿ ಹಿಂಡಿ ತೆಗೆದರೆ ಸಿಗುವುದು ಹತ್ತಿರ ಹತ್ತಿರ ಅರ್ಧ. ಅದರಲ್ಲೂ ಸ್ವಲ್ಪ ಪರಿವರ್ತನೆಯಲ್ಲಿ ಶಾಖವಾಗಿ ಹೋಗುತ್ತದೆ.

ಹೊರೆಯನ್ನು ಅಂದಾಜಿಸುವ ಬದಲು ಅಳೆಯಬಹುದು. ಗೋಡೆಯ ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಪುಟ್ಟ ವ್ಯಾಟ್‌ಮೀಟರ್ ಸಿಗುತ್ತದೆ. ಬ್ಯಾಕಪ್ ನಡೆಯುತ್ತಿರುವಾಗಲೇ ಅಳೆಯಬೇಕು, ಏಕೆಂದರೆ ಸುಮ್ಮನಿರುವ ಸರ್ವರ್‌ಗಿಂತ ಡಿಸ್ಕ್ ತಿರುಗಿಸುತ್ತಿರುವ ಸರ್ವರ್ ಹೆಚ್ಚು ಎಳೆಯುತ್ತದೆ. ನಮ್ಮ ಮಾದರಿ ಕಚೇರಿಯಲ್ಲಿ ಸರ್ವರ್, ಹೊರಗಿನ ಡಿಸ್ಕ್, ಇಂಟರ್ನೆಟ್ಟಿನ ಪೆಟ್ಟಿಗೆ, ಸ್ವಿಚ್ ಎಲ್ಲ ಸೇರಿ 130 ವ್ಯಾಟ್ ಎಂದಿಟ್ಟುಕೊಂಡರೆ, ಬ್ಯಾಟರಿ ಹೊಸದಿರುವಾಗ ಹದಿನೈದು ನಿಮಿಷ ಸಿಗುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಐದೋ ಆರೋ ಸಿಕ್ಕರೆ ಹೆಚ್ಚು. ಈ ಬ್ಯಾಟರಿಗಳ ಆಯುಸ್ಸನ್ನು ಲೆಕ್ಕ ಹಾಕುವುದು 25 ಡಿಗ್ರಿ ಉಷ್ಣತೆಯಲ್ಲಿ; ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯ ಮೇಜಿನಡಿ ಕೂತ ಯುಪಿಎಸ್ಸಿಗೆ ಮೂರು ವರ್ಷದ ಆಸೆ ಇಟ್ಟುಕೊಳ್ಳಬಾರದು.

ಆ ಹದಿನೈದು ನಿಮಿಷದ ಲೆಕ್ಕವನ್ನೂ ಮಣ್ಣುಪಾಲು ಮಾಡುವುದು ಲೇಸರ್ ಪ್ರಿಂಟರ್. ಯುಪಿಎಸ್ ಹಿಂದೆ ಒಂದು ಸಾಕೆಟ್ ಖಾಲಿ ಇದೆಯೆಂದು ಯಾರೋ ಅದನ್ನೂ ಸಿಕ್ಕಿಸಿರುತ್ತಾರೆ. ಹಾಳೆಗೆ ಶಾಯಿಪುಡಿ ಅಂಟಿಸಲು ಅದರೊಳಗಿನ ರೋಲರ್ ಕಾಯುವಾಗ ಕೆಲವು ಕ್ಷಣ ನೂರಾರು ವ್ಯಾಟ್ ಎಳೆಯುತ್ತದೆ. ಕರೆಂಟು ಇಲ್ಲದಾಗ ಒಬ್ಬರು ಒಂದು ಪುಟ ಪ್ರಿಂಟ್ ಕೊಟ್ಟರೂ ಸಾಕು, ಯುಪಿಎಸ್ ಓವರ್‌ಲೋಡ್ ಎಂದು ಚೀರಿ ಸರ್ವರ್ ಸಮೇತ ಆರುತ್ತದೆ.

ಹದಿನೈದು ನಿಮಿಷ ಕಡಿಮೆಯೇ? ಮಳೆಗಾಲದ ರಾತ್ರಿಯ ನಾಲ್ಕು ಗಂಟೆಯ ಕತ್ತಲೆಯ ಮುಂದೆ ಅದು ಏನೂ ಅಲ್ಲ. ಆದರೆ ರಾತ್ರಿಯಲ್ಲಿ ಬರುವ ತೊಂದರೆಗಳಲ್ಲಿ ಹಲವು ಕೆಲವೇ ಸೆಕೆಂಡಿನವು: ಫೀಡರ್ ಟ್ರಿಪ್ ಆಗಿ ಮತ್ತೆ ಹತ್ತಿಕೊಳ್ಳುತ್ತದೆ, ವೋಲ್ಟೇಜ್ ಒಮ್ಮೆ ಕುಸಿದು ಏಳುತ್ತದೆ. ಮಲಗಿದವರಿಗೆ ಫ್ಯಾನ್ ಸದ್ದು ಬದಲಾದದ್ದೂ ಗೊತ್ತಾಗುವುದಿಲ್ಲ, ಸರ್ವರ್ ಮಾತ್ರ ರೀಬೂಟ್ ಆಗಿರುತ್ತದೆ. ಅಂಥವನ್ನೆಲ್ಲ ಸಣ್ಣ ಯುಪಿಎಸ್ ಸಲೀಸಾಗಿ ನುಂಗಿಕೊಳ್ಳುತ್ತದೆ. ದೀರ್ಘ ಕಡಿತದಲ್ಲಿ ಅದರ ಕೆಲಸ ಬೇರೆ: ಸರ್ವರ್ ಮರ್ಯಾದೆಯಿಂದ ಮುಚ್ಚಿಕೊಳ್ಳುವಷ್ಟು ಹೊತ್ತು ಕೊಡುವುದು.

ಗಂಟೆಗಟ್ಟಲೆ ನಡೆಸಲೇಬೇಕೆಂದರೆ ಇನ್ವರ್ಟರ್ ಇದೆಯಲ್ಲ ಎನ್ನುತ್ತಾರೆ. ಇದೆ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತದೆ; ತೀರಾ ಖಾಲಿ ಮಾಡದೆ, ನಷ್ಟವನ್ನೂ ಕಳೆದರೆ 1100ರಷ್ಟು ಕೈಗೆ ಬರುತ್ತದೆ. 130 ವ್ಯಾಟಿನ ಸರ್ವರ್ ಒಂದೇ ಆದರೆ ಎಂಟು ಗಂಟೆ. ಆದರೆ ಕಚೇರಿಯ ಇನ್ವರ್ಟರ್‌ನಲ್ಲಿ ಸರ್ವರ್ ಒಂದೇ ಇರುವುದಿಲ್ಲ. ಮೂರು ಫ್ಯಾನು, ನಾಲ್ಕು ಟ್ಯೂಬ್‌ಲೈಟು ಸೇರಿದರೆ ಹೊರೆ ಎರಡು ಪಟ್ಟು ಮೀರಿ, ಎಂಟು ಗಂಟೆ ನಾಲ್ಕಕ್ಕಿಳಿಯುತ್ತದೆ. ಸಂಜೆ ನಾಲ್ಕರಿಂದ ಎಂಟರವರೆಗೆ ಕರೆಂಟು ಹೋಗಿ, ಸಿಬ್ಬಂದಿ ಫ್ಯಾನಿನಡಿ ಕೂತು ಕೆಲಸ ಮುಗಿಸಿ ಹೊರಟರು ಎನ್ನಿ. ಅಷ್ಟು ದೊಡ್ಡ ಬ್ಯಾಟರಿ ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ರಾತ್ರಿ 11.30ಕ್ಕೆ ಎರಡನೇ ಸಲ ಕರೆಂಟು ಹೋದಾಗ ಅದರಲ್ಲಿ ಮೂರನೇ ಒಂದು ಭಾಗವೂ ಇರುವುದಿಲ್ಲ.

ಇನ್ನೊಂದು ತೊಡಕು, ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಕ್ಷಣದ್ದು. ಕಂಪ್ಯೂಟರಿನ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಕರೆಂಟಿಲ್ಲದೆ ತಾಳುವುದು 16-17 ಮಿಲಿಸೆಕೆಂಡಿನಷ್ಟು. ಹೊರೆ ಕಡಿಮೆಯಿದ್ದರೆ ಇನ್ನು ಸ್ವಲ್ಪ ಹೆಚ್ಚು. ಮನೆಬಳಕೆಯ ಇನ್ವರ್ಟರ್‌ಗಳು ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕಿಂತ ನಿಧಾನವಾಗಿ ಹೊರಳಬಹುದು. ಹಲವು ಮಾದರಿಗಳ ಹಿಂಬದಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಸ್ವಿಚ್ ಇದೆ. ಅದನ್ನು ಯುಪಿಎಸ್ ಎಂಬ ಕಡೆಗೆ ಇಡಬೇಕು. ಹಾಗಾಗಿ ಇನ್ವರ್ಟರ್ ಮುಂದೆ, ಯುಪಿಎಸ್ ಅದರ ಹಿಂದೆ, ಕೊನೆಗೆ ಸರ್ವರ್ ಎಂಬ ಸಾಲು ಒಳ್ಳೆಯದು. ಹೊರಳುವ ಅಂತರವನ್ನು ಯುಪಿಎಸ್ ತುಂಬುತ್ತದೆ, ಗಂಟೆಗಳನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಇನ್ವರ್ಟರ್ ಮಾತ್ರ ಸೈನ್‌ವೇವ್‌ನದ್ದಾಗಿರಬೇಕು. ಅಗ್ಗದ ಸ್ಕ್ವೇರ್‌ವೇವ್ ಆದರೆ ಕೆಲವು ಯುಪಿಎಸ್‌ಗಳು ಆ ಕರೆಂಟನ್ನು ಒಪ್ಪುವುದೇ ಇಲ್ಲ; ಇನ್ವರ್ಟರ್ ನಡೆಯುತ್ತಿದ್ದರೂ ತಮ್ಮ ಬ್ಯಾಟರಿಯನ್ನೇ ಬಳಸಿ ಹದಿನೈದು ನಿಮಿಷದಲ್ಲಿ ಕೈಚೆಲ್ಲುತ್ತವೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಇನ್ವರ್ಟರ್ ಮೇಲಿರುವಾಗ ಯುಪಿಎಸ್ ಬೀಪ್ ಬೀಪ್ ಎನ್ನುತ್ತಲೇ ಇದ್ದರೆ ಅದು ಒಪ್ಪಿಲ್ಲ ಎಂದರ್ಥ.

ಎಷ್ಟೇ ಬ್ಯಾಟರಿ ಇಟ್ಟರೂ ಒಂದಲ್ಲ ಒಂದು ರಾತ್ರಿ ಅದು ಮುಗಿಯುತ್ತದೆ. ಮುಗಿಯುವ ಮುನ್ನ ಸರ್ವರ್‌ಗೆ ವಿಷಯ ತಿಳಿಯಬೇಕು. ಅದಕ್ಕೇ ಯುಪಿಎಸ್ ಬೆನ್ನಿಗೆ ಯುಎಸ್‌ಬಿ ಕಿಂಡಿ ಇರುವುದು. ಅಗ್ಗದ ಮಾದರಿಗಳಲ್ಲಿ ಇದು ಇರುವುದೇ ಇಲ್ಲ. ಇರುವ ಕಚೇರಿಗಳಲ್ಲಿ ಅದರ ಕೇಬಲ್ ಡಬ್ಬಿಯಲ್ಲೇ ಉಳಿದಿರುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಲಿನಕ್ಸ್ ಸರ್ವರ್‌ನಲ್ಲಿ ಎನ್‌ಯುಟಿ ಎಂಬ ಉಚಿತ ತಂತ್ರಾಂಶ ಹಾಕಿ, ಯುಪಿಎಸ್‌ಗೆ `ups` ಎಂದು ಹೆಸರು ಕೊಟ್ಟರೆ, ಅದರ ಸ್ಥಿತಿಯನ್ನು ಹೀಗೆ ಕೇಳಬಹುದು:

```
$ upsc ups@localhost
battery.charge: 62
battery.runtime: 540
ups.status: OB DISCHRG
```

`OB` ಎಂದರೆ ಬ್ಯಾಟರಿಯ ಮೇಲಿದೆ, `OL` ಎಂದರೆ ಕರೆಂಟಿದೆ. ಉಳಿದಿರುವ ಹೊತ್ತು ಸೆಕೆಂಡುಗಳಲ್ಲಿದೆ: 540, ಅಂದರೆ ಒಂಬತ್ತು ನಿಮಿಷ. ಈ ಅಂಕಿಯನ್ನು ಕುರುಡಾಗಿ ನಂಬುವಂತಿಲ್ಲ. ದಣಿದ ಬ್ಯಾಟರಿ ಒಂಬತ್ತು ನಿಮಿಷ ಎಂದು ತೋರಿಸುತ್ತಲೇ ಎರಡನೇ ನಿಮಿಷಕ್ಕೆ ಮಲಗಬಹುದು. ಆದ್ದರಿಂದ ಬ್ಯಾಟರಿ ತಳ ಕಾಣುವವರೆಗೆ ಕಾಯದೆ, ಮೂರು ನಿಮಿಷ ಕರೆಂಟು ಬಾರದಿದ್ದರೆ ಸರ್ವರ್ ಮುಚ್ಚಲು ಶುರು ಮಾಡಲಿ ಎಂದು ಗೊತ್ತುಮಾಡುವುದು ಕ್ಷೇಮ. ಕ್ಷಣಿಕ ಕಡಿತಗಳು ಆ ಮೂರು ನಿಮಿಷದಲ್ಲಿ ಕಳೆದಿರುತ್ತವೆ. ಡೇಟಾಬೇಸ್ ಮುಚ್ಚಿ ಯಂತ್ರ ಆರಲು ಇನ್ನೆರಡು ಮೂರು ನಿಮಿಷ. ಹಳೆಯ ಬ್ಯಾಟರಿಗೂ ಇಷ್ಟು ಸಾಧ್ಯ.

ಇನ್ನು ಎರಡನೇ ಬಗೆಯ ರಾತ್ರಿ, ಅಂದರೆ ಆರಿದ ಸರ್ವರ್ ಏಳದ ರಾತ್ರಿ. ಬಯೋಸ್ ಸೆಟ್ಟಿಂಗಿನಲ್ಲಿ `Restore on AC Power Loss` ಎಂದೋ ಅದನ್ನೇ ಹೋಲುವ ಹೆಸರಿನಲ್ಲೋ ಒಂದು ಆಯ್ಕೆ ಇರುತ್ತದೆ. ಅದನ್ನು `Last State` ಎಂದಿಟ್ಟವರು ಮೋಸ ಹೋಗುತ್ತಾರೆ. ಯುಪಿಎಸ್ ಮಾತು ಕೇಳಿ ಸರ್ವರ್ ಸರಿಯಾಗಿ ಮುಚ್ಚಿಕೊಂಡಿತಲ್ಲ, ಅದರ ಪಾಲಿಗೆ ಕೊನೆಯ ಸ್ಥಿತಿ ಎಂದರೆ ಆರಿದ ಸ್ಥಿತಿಯೇ. ಕರೆಂಟು ಬಂದಾಗ ಅದು ಆರಿಯೇ ಇರುತ್ತದೆ. `Power On` ಎಂದೇ ಇಡಬೇಕು.

ಅಷ್ಟು ಮಾಡಿದರೂ ಒಂದು ಸಂದು ಉಳಿಯುತ್ತದೆ. ರಾತ್ರಿ 11.10ಕ್ಕೆ ಕರೆಂಟು ಹೋಯಿತು. 11.13ಕ್ಕೆ ಸರ್ವರ್ ಮುಚ್ಚಲು ಶುರುಮಾಡಿ 11.16ಕ್ಕೆ ಆರಿತು. 11.18ಕ್ಕೆ ಕರೆಂಟು ಬಂತು. ಯುಪಿಎಸ್ ಬ್ಯಾಟರಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಸರ್ವರ್‌ನ ಪ್ಲಗ್ಗಿನಲ್ಲಿ ಕರೆಂಟು ಒಂದು ಕ್ಷಣವೂ ತಪ್ಪಲಿಲ್ಲ. ಕರೆಂಟು ಹೋಗಿ ಬಂದರೆ ಏಳು ಎಂದು ಬಯೋಸ್‌ಗೆ ಹೇಳಿದ್ದೇವೆ, ಆದರೆ ಅದರ ಕಣ್ಣಿಗೆ ಕರೆಂಟು ಹೋಗಲೇ ಇಲ್ಲ! ಊರೆಲ್ಲ ದೀಪ ಹತ್ತಿದರೂ ಸರ್ವರ್ ಬೆಳಿಗ್ಗೆ ಹತ್ತರವರೆಗೆ ನಿದ್ದೆಯಲ್ಲಿರುತ್ತದೆ. ಎಂಟು ನಿಮಿಷದ ಕಡಿತ ಒಂದು ಇಡೀ ರಾತ್ರಿಯನ್ನು ನುಂಗುವುದು ಹೀಗೆ.

ಇದಕ್ಕೆ ಉಪಾಯವೆಂದರೆ ಸರ್ವರ್ ಆರುವ ಮುನ್ನ ಯುಪಿಎಸ್‌ಗೇ ಒಂದು ಆಜ್ಞೆ ಕೊಟ್ಟು ಹೋಗುವುದು: ಸ್ವಲ್ಪ ಹೊತ್ತು ಬಿಟ್ಟು ನಿನ್ನ ಔಟ್‌ಪುಟ್ ಕಡಿದುಬಿಡು, ಕರೆಂಟು ಇದ್ದರೆ ಅಥವಾ ಬಂದಾಗ ಮತ್ತೆ ಕೊಡು. ಎನ್‌ಯುಟಿಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಸರ್ವರ್ ಮುಚ್ಚುವ ಕೊನೆಯ ಹಂತದಲ್ಲಿ `upsdrvctl shutdown` ಎಂಬುದು ನಡೆಯುತ್ತದೆ. ಆಜ್ಞೆ ಕೇಳದ ಅಗ್ಗದ ಯುಪಿಎಸ್ ಆದರೆ ಬಯೋಸ್‌ನ ಅಲಾರಂ ಬಳಸಬಹುದು. ಆರಿದ ಯಂತ್ರವನ್ನು ಪ್ರತಿದಿನ ಗೊತ್ತಾದ ಹೊತ್ತಿಗೆ ಎಬ್ಬಿಸುವ ಆಯ್ಕೆ ಹಲವು ಮದರ್‌ಬೋರ್ಡ್‌ಗಳಲ್ಲಿದೆ. 11.20ಕ್ಕೊಮ್ಮೆ, ಸಾಧ್ಯವಿದ್ದರೆ ಬೆಳಗಿನ ಜಾವಕ್ಕೊಮ್ಮೆ. ಈ ಸೆಟ್ಟಿಂಗುಗಳು, ಗಡಿಯಾರ ಎರಡೂ ಹಲವು ಬೋರ್ಡ್‌ಗಳಲ್ಲಿ ನಿಂತಿರುವುದು ನಾಣ್ಯದಂಥ ಒಂದು ಸೆಲ್ಲಿನ ಮೇಲೆ, ಹೆಸರು ಸಿಆರ್ 2032. ಅದು ಸತ್ತಿದ್ದರೆ ದೀರ್ಘ ಕಡಿತದ ನಂತರ ತಾರೀಖೂ ತಪ್ಪುತ್ತದೆ, ಏಳಬೇಕೆಂಬ ಆಯ್ಕೆಯೂ ಅಳಿಸಿಹೋಗುತ್ತದೆ. ನಾಲ್ಕೈದು ವರ್ಷ ಹಳೆಯ ಸರ್ವರ್ ಆದರೆ ಸೆಲ್ ಬದಲಿಸಿಬಿಡುವುದು ಮೇಲು.

ಇವೆಲ್ಲದರ ನಡುವೆ ವಿದ್ಯುತ್ ಕಂಪನಿಯ ತಪ್ಪೇ ಇಲ್ಲದೆ ಕರೆಂಟು ಹೋಗುವುದೂ ಉಂಟು. ಕಚೇರಿ ಬಾಗಿಲು ಹಾಕುವವರು ಶಾರ್ಟ್ ಸರ್ಕ್ಯೂಟ್ ಭಯಕ್ಕೆ, ಬಿಲ್ಲಿನ ಭಯಕ್ಕೆ ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸ ನಮ್ಮಲ್ಲಿ ಹಳೆಯದು. ಸರ್ವರ್ ದಾಖಲೆಯಲ್ಲಿ ಪ್ರತಿ ಶನಿವಾರ ರಾತ್ರಿ ಎಂಟರ ಸುಮಾರಿಗೇ ಕರೆಂಟು ಹೋಗಿ ಸೋಮವಾರ ಬೆಳಿಗ್ಗೆಯೇ ಬಂದಿದ್ದರೆ ಕಾರಣ ಹುಡುಕಲು ಕಂಬದವರೆಗೆ ಹೋಗಬೇಕಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರ್ವರ್ ಸಾಲಿಗೆ ಬೇರೆ ಎಂಸಿಬಿ ಹಾಕಿಸಿ, ಅದರ ಮೇಲೆ ‘ಇದನ್ನು ಆರಿಸಬೇಡಿ’ ಎಂದು ಚೀಟಿ ಅಂಟಿಸಿದರೆ ಆಯಿತು.

ಮೂರನೆಯದು ತಪ್ಪಿದ ಕೆಲಸವನ್ನು ತಾನೇ ಹುಡುಕಿ ಮಾಡುವುದು. ಲಿನಕ್ಸ್‌ನ ಹಳೆಯ ಕ್ರಾನ್ ಗಡಿಯಾರ ನೋಡಿ ಕೆಲಸ ಮಾಡುತ್ತದೆ. 11.30ಕ್ಕೆ ಯಂತ್ರ ಆರಿದ್ದರೆ ಅದರ ಪಾಲಿಗೆ ಆ ಕೆಲಸ ಇರಲೇ ಇಲ್ಲ, 11.31ಕ್ಕೆ ಎದ್ದರೂ ಮುಂದಿನದು ನಾಳೆಯೇ. ಸಿಸ್ಟಮ್‌ಡಿ ಟೈಮರ್ ಬಳಸಿದರೆ ಈ ತೊಂದರೆಗೆ ಒಂದೇ ಸಾಲಿನ ಮದ್ದಿದೆ:

```
[Timer]
OnCalendar=*-*-* 23:30:00
Persistent=true
```

ಕೊನೆಯ ಸಾಲು ಇದ್ದರೆ ಕಳೆದ ಸಲ ಕೆಲಸ ನಡೆದದ್ದು ಯಾವಾಗ ಎಂಬುದು ಡಿಸ್ಕಿನಲ್ಲಿ ದಾಖಲಾಗುತ್ತದೆ. ಯಂತ್ರ ಎದ್ದಾಗ ಒಂದು ಸರದಿ ತಪ್ಪಿದೆ ಎಂದು ಕಂಡರೆ ಒಡನೆ ನಡೆಸುತ್ತದೆ. ಮೂರು ರಾತ್ರಿ ತಪ್ಪಿದ್ದರೂ ನಡೆಸುವುದು ಒಂದೇ ಸಲ. ಬ್ಯಾಕಪ್ಪಿಗೆ ಅಷ್ಟೇ ಸಾಕು. ಒಂದು ಅಡ್ಡಪರಿಣಾಮವೂ ಇದೆ. ಬೆಳಿಗ್ಗೆ ಹತ್ತಕ್ಕೆ ಸರ್ವರ್ ಎದ್ದರೆ ಎಲ್ಲರೂ ಕೆಲಸಕ್ಕೆ ಕೂತ ಹೊತ್ತಿಗೇ ಬ್ಯಾಕಪ್ ಶುರುವಾಗಿ ಕಂಪ್ಯೂಟರ್ ನಿಧಾನ ಎಂಬ ದೂರು ಬರುತ್ತದೆ. ಕಾರಣ ಗೊತ್ತಿದ್ದರೆ ಅರ್ಧ ಗಂಟೆ ತಾಳಿಕೊಳ್ಳಬಹುದು.

ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಇದೇ ಅನುಕೂಲವಿದೆ: `Run task as soon as possible after a scheduled start is missed` ಎಂಬಲ್ಲಿ ಟಿಕ್ ಹಾಕಬೇಕು. ಆದರೆ ಅಲ್ಲಿನ ಇನ್ನೊಂದು ಟಿಕ್ ತೆಗೆಯಬೇಕು ಎನ್ನುವುದು ಬಹಳ ಜನರಿಗೆ ತಿಳಿದಿಲ್ಲ. ಕಂಡೀಶನ್ಸ್ ಪುಟದಲ್ಲಿ `Start the task only if the computer is on AC power` ಎಂಬುದು ತಾನಾಗಿಯೇ ಆಯ್ಕೆಯಾಗಿರುತ್ತದೆ. ಬ್ಯಾಟರಿಗೆ ಹೊರಳಿದರೆ ಕೆಲಸ ನಿಲ್ಲಿಸು ಎಂಬುದೂ ಅದರ ಜೊತೆಗಿದೆ. ಅವು ಲ್ಯಾಪ್‌ಟಾಪಿಗೆಂದು ಇಟ್ಟವು. ಯುಪಿಎಸ್‌ನ ಯುಎಸ್‌ಬಿ ಕೇಬಲ್ ಸಿಕ್ಕಿಸಿದ ಮೇಲೆ ವಿಂಡೋಸ್ ಸರ್ವರ್‌ಗೂ ಒಂದು ಬ್ಯಾಟರಿ ಬಂದಂತಾಗುತ್ತದೆ. ಎರಡು ನಿಮಿಷದ ಕಡಿತವನ್ನು ಯುಪಿಎಸ್ ಚೆನ್ನಾಗಿ ತಾಳಿಕೊಂಡರೂ ನಡುವೆಯೇ ಬ್ಯಾಕಪ್ ನಿಂತಿರುತ್ತದೆ. ಯುಪಿಎಸ್ ತಂದ ಮೇಲೆಯೇ ಕೆಲಸ ತಪ್ಪಲು ಶುರುವಾಯಿತು ಎನ್ನುವ ಕಚೇರಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಅರ್ಧಕ್ಕೆ ನಿಂತ ಬ್ಯಾಕಪ್ ಇಲ್ಲದ ಬ್ಯಾಕಪ್ಪಿಗಿಂತ ಅಪಾಯ, ಏಕೆಂದರೆ ಅದು ಇರುವಂತೆ ಕಾಣುತ್ತದೆ. ನಕಲು ಮಾಡುವ ಸ್ಕ್ರಿಪ್ಟ್ ಮೊದಲು `.part` ಎಂಬ ಬಾಲದ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರು ಕೊಡಲಿ. ಬೆಳಿಗ್ಗೆ `.part` ಕಂಡರೆ ರಾತ್ರಿ ಏನೋ ಆಗಿದೆ ಎಂದು ತಿಳಿಯುತ್ತದೆ. ಎಲ್ಲ ಸುಸೂತ್ರವಾದರೆ ಮಾಲೀಕರ ಮೊಬೈಲಿಗೆ ಒಂದು ಸಾಲಿನ ಸಂದೇಶ ಬರಲಿ. ತಪ್ಪಾದಾಗ ಮಾತ್ರ ಸಂದೇಶ ಬರಲಿ ಎಂದಿಟ್ಟರೆ, ಆರಿಹೋದ ಸರ್ವರ್‌ಗೆ ಅದನ್ನು ಕಳಿಸಲೂ ಆಗದು. ಒಂದು ಗಂಟೆಯ ಇಂಟರ್ನೆಟ್ ನಕಲಿಗೂ ಇದೇ ಎಚ್ಚರ ಬೇಕು. ಕಚೇರಿಯಲ್ಲಿ ಬ್ಯಾಟರಿ ಇದ್ದರೂ ಬೀದಿ ಕೊನೆಯ ಕೇಬಲ್‌ನವರ ಪೆಟ್ಟಿಗೆಯಲ್ಲಿ ಇರಬೇಕೆಂದಿಲ್ಲ. ಒಮ್ಮೆ ಸೋತರೆ ಅರ್ಧ ಗಂಟೆಗೊಮ್ಮೆ ಮತ್ತೆ ಯತ್ನಿಸುವಂತಿರಬೇಕು.

ಇಷ್ಟೂ ಸರಿಯಾಗಿದೆಯೇ ಎಂದು ತಿಳಿಯಲು ಮುಂದಿನ ಕಡಿತದವರೆಗೆ ಕಾಯಬೇಕಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಫೈಲ್ ಮುಚ್ಚಿದ ಮೇಲೆ, ಒಂದು ಬ್ಯಾಕಪ್ ಕೈಯಾರೆ ತೆಗೆದಿಟ್ಟು, ಯುಪಿಎಸ್ ಸಿಕ್ಕಿಸಿದ ಗೋಡೆಯ ಸ್ವಿಚ್ ಆರಿಸಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ತಿಂಗ್ ಕೂಡ ತಪ್ಪುತ್ತದೆ. ಮೊದಲ ಸಲ ಮೂವತ್ತು ಸೆಕೆಂಡಿಗೆ ಮತ್ತೆ ಹಾಕಿ, ಏನೂ ಆಗಬಾರದು. ಎರಡನೇ ಸಲ ಸರ್ವರ್ ತಾನೇ ಮುಚ್ಚಿಕೊಳ್ಳುವವರೆಗೆ ಬಿಡಿ, ಅದು ಆರಿದ ಒಂದು ನಿಮಿಷಕ್ಕೆ ಸ್ವಿಚ್ ಹಾಕಿ, ಬಟನ್ ಮುಟ್ಟದೆ ಕಾಯಿರಿ. ಎದ್ದರೆ ಸರಿ. ಮೂರನೇ ಸಲಕ್ಕೆ ಬ್ಯಾಟರಿ ಮತ್ತೆ ತುಂಬಬೇಕು, ಹಾಗಾಗಿ ಅದನ್ನು ಇನ್ನೊಂದು ದಿನ ಮಾಡಿ: ಕೆಲಸದ ಹೊತ್ತನ್ನು ತಾತ್ಕಾಲಿಕವಾಗಿ ಹತ್ತು ನಿಮಿಷ ಮುಂದಕ್ಕಿಟ್ಟು, ಆ ಹೊತ್ತಿನಲ್ಲಿ ಸರ್ವರ್ ಆರಿರುವಂತೆ ನೋಡಿಕೊಂಡು, ಎದ್ದ ಮೇಲೆ ಬ್ಯಾಕಪ್ ತಾನಾಗಿ ಶುರುವಾಗುತ್ತದೆಯೇ ಎಂದು ಗಮನಿಸಿ. ಆ ಎರಡೂ ದಿನ ಯುಪಿಎಸ್ ಎಷ್ಟು ನಿಮಿಷ ತಾಳಿತು ಎಂಬುದನ್ನು ತಾರೀಖಿನ ಸಮೇತ ಅದರ ಮೈಮೇಲೆಯೇ ಬರೆದಿಡಿ. ಆರು ತಿಂಗಳಿಗೊಮ್ಮೆ ಹೀಗೆ ಬರೆಯುತ್ತ ಹೋಗಿ, ಅಂಕಿ ಮೊದಲಿನ ಅರ್ಧಕ್ಕಿಳಿದಾಗ ಯುಪಿಎಸ್ ಬದಲಿಸಬೇಡಿ, ಒಳಗಿನ ಬ್ಯಾಟರಿಯನ್ನಷ್ಟೇ ಬದಲಿಸಿ.